ಅವ್ವ ಹೇಳಿದ ಪಟ್ಟಿ

ನಮ್ಮ ಕೇರಿಯ ಮದುವೆಗಳಲ್ಲಿ ಹೆಣ್ಣಿನ ತಾಯಿಗೆ ಅಳುವುದಕ್ಕೆ ಜಾಗವಿದೆ, ಮಾತಾಡುವುದಕ್ಕಿಲ್ಲ. ಮಾತೆಲ್ಲ ಯಜಮಾನರದು, ಮೇಷ್ಟರದು, ಪಟ್ಟಣದಿಂದ ಬಂದ ಮುಖಂಡರದು. ಅವರು ಹೇಳುವುದೂ ಒಂದೇ: ತಾಳ್ಮೆಯಿಂದಿರು, ತಗ್ಗಿಬಗ್ಗಿ ನಡಿ, ಹುಟ್ಟಿದ ಮನೆ ಹೆಸರು ಕೆಡಿಸಬೇಡ. ಹುಡುಗಿ ತಲೆ ತಗ್ಗಿಸಿ ನೆಲ ನೋಡುತ್ತಿರುತ್ತಾಳೆ. ಮಾತು ಉಪದೇಶವಾಯಿತು ಅನ್ನುವುದಕ್ಕೆ ಆ ತಗ್ಗಿದ ತಲೆಯೇ ಗುರುತು.

ನಮ್ಮಕ್ಕನದು ಮಂತ್ರಮಾಂಗಲ್ಯ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಗೂ ರಾಜೇಶ್ವರಿಯವರಿಗೂ ಮಾಡಿಸಿದ ರೀತಿಯ ಸರಳ ಮದುವೆ. ಪುರೋಹಿತರಿಲ್ಲ, ಮುಹೂರ್ತದ ಗಡಿಬಿಡಿಯಿಲ್ಲ. ಹಾಗಾಗಿ ತಾಯಿಯೊಬ್ಬಳು ಎದ್ದುನಿಂತು ನಾಲ್ಕು ಮಾತಾಡುವಷ್ಟು ತೆರಪು ಸಿಕ್ಕಿತು.

ಅವ್ವನಿಗೆ ಓದು ಬರದು. ನೆರೆಮನೆಯ ಮೇಷ್ಟರು ಎರಡು ಪುಟ ಭಾಷಣ ಬರೆದು ತಂದು ಓದಿ ಹೇಳಿದರು. ಅವ್ವ ರಾಗಿ ಕೇರುತ್ತಲೇ ಕೇಳಿಸಿಕೊಂಡಳು. "ಚೆನ್ನಾಗದೆ ಮೇಷ್ಟ್ರೇ. ಆದ್ರೆ ಇದ್ರಲ್ಲಿ ನನ್ ಮಗಳು ಎಲ್ಲವ್ಳೆ? ಯಾರ ಮಗಳ್ಗಾದ್ರೂ ಹೇಳ್ಬೋದಲ್ಲ ಇದ" ಅಂದಳು.

ಆ ರಾತ್ರಿ ನಾನು ಅಕ್ಕನಿಗೆ ಕೊಡುವ ಸಾಮಾನಿನ ಪಟ್ಟಿ ಬರೆಯುತ್ತಿದ್ದೆ. ವರದಕ್ಷಿಣೆ ಕೇಳುವುದನ್ನೂ ಕೊಡುವುದನ್ನೂ 1961ರ ಕಾಯ್ದೆ ನಿಷೇಧಿಸಿದೆ. ಯಾರೂ ಕೇಳದೆ ಪ್ರೀತಿಯಿಂದ ಕೊಟ್ಟದ್ದಕ್ಕೂ ಪಟ್ಟಿಯಿರಬೇಕು ಎಂದು 1985ರ ನಿಯಮ ಹೇಳುತ್ತದೆ. ವಸ್ತು ಯಾವುದು, ಅಂದಾಜು ಬೆಲೆಯೆಷ್ಟು, ಕೊಟ್ಟವರು ಯಾರು, ಅವರೇನಾಗಬೇಕು ಎಂದು ಬರೆದು ಗಂಡು ಹೆಣ್ಣು ಇಬ್ಬರೂ ರುಜು ಹಾಕಬೇಕು. ಹೆಣ್ಣಿಗೆ ಕೊಟ್ಟದ್ದರ ಪಟ್ಟಿ ಹೆಣ್ಣಿನ ಕೈಯಲ್ಲೇ ಇರಬೇಕು. ಅವ್ವ ಎರಡು ಸಲ ಓದಿಸಿ ಕೇಳಿದಳು. "ನಾಳೆ ನಾನು ಇದ್ನೇ ಹೇಳ್ತೀನಿ" ಅಂದಳು.

ಹಾಗೇ ಹೇಳಿದಳು.

"ಒಂದು ಟ್ರಂಕು. ನಿನ್ನ ಹಾಸ್ಟೆಲ್ಗೆ ಕಳ್ಸುವಾಗ ಕೊಟ್ಟಿದ್ನಲ್ಲ, ಅದೇ. ಅವತ್ತು ಬೀಗದ ಕೈ ಕಳ್ಕೊಂಡು ಅಳ್ತಾ ಬಂದಿದ್ದೆ. ಈಗ ಎರಡು ಕೈ ಮಾಡ್ಸಿವ್ನಿ. ಮಾರ್ಕ್ಸ್ ಕಾರ್ಡು, ಜಾತಿ ಪತ್ರ, ಪಾಸ್‌ಬುಕ್ಕು, ಈ ಪಟ್ಟಿ, ಎಲ್ಲಾನೂ ಇದ್ರೊಳಗೆ ಮಡಿಕ್ಕೊ. ಒಂದು ಕೈ ನಿನ್ ತಾವು, ಒಂದು ನನ್ ತಾವು.

"ಒಂದು ಹೊಲಿಗೆ ಮಿಸನ್ನು. ಸಂಘದ ಸಾಲದಲ್ಲಿ ತಂದದ್ದು, ಸಾಲ ತೀರದೆ, ನೀನೇನೂ ಕಟ್ಬೇಕಿಲ್ಲ. ಹೊಲ್ದ ದುಡ್ಡ ನಿನ್ ಪಾಸ್‌ಬುಕ್ಗೆ ಹಾಕು. ಮನೆಗೂ ಕೊಡು, ಎಷ್ಟು ಅಂತ ನೀವಿಬ್ರೇ ಕೂತು ಮಾತಾಡ್ಕಳಿ. ಮಬ್ಬಲ್ಲಿ ಕೂತು ಹೊಲೀಬ್ಯಾಡ ಕಣವ್ವ, ನಿಂಗೆ ಮೊದ್ಲೇ ಕಣ್ಣುರಿ.

"ಒಂದು ಸ್ಟೀಲ್ ಡಬ್ಬ. ಒಳಗೆ ಐನೂರು ರೂಪಾಯಿ ಅದೆ. ಬಸ್ಸಿಗೆ ಈಗ ಹೆಂಗಸ್ರು ದುಡ್ಡು ಕೊಡಂಗಿಲ್ಲ. ಕೊನೇ ಬಸ್ಸು ತಪ್ಪೋದ್ರೆ ಆಟೋಗೆ ಬೇಕಾಯ್ತದೆ. ಜಗಳ ಆಡ್ಕೊಂಡೇ ಬರ್ಬೇಕು ಅಂತಿಲ್ಲ, ಉಪ್ಸಾರು ತಿನ್ನೋ ಆಸೆ ಆದ್ರೂ ಬಾ. ಯಾಕ್ ಬಂದೆ ಅಂತ ನಾನು ಕೇಳಕ್ಕಿಲ್ಲ."

ಆಮೇಲೆ ಭಾವನ ಕಡೆ ತಿರುಗಿದಳು. "ಅಪ್ಪಾ, ಇವೆಲ್ಲ ಅವಳ ವಸ್ತು ಅಂತ ನೀನೂ ರುಜು ಹಾಕಿದ್ದೀಯೆ. ಆದ್ರೆ ಮಿಸನ್ನಿಗೆ ಎಣ್ಣೆ ಬಿಡೋದ ಇವಳು ಮರೀತಾಳೆ. ಅದು ನಿನ್ ಕೆಲ್ಸ."

ಜನ ನಕ್ಕರು. ಅಕ್ಕ ತಲೆಯೆತ್ತಿ, ಕಣ್ಣು ಒರೆಸಿಕೊಂಡು ತಾನೂ ನಕ್ಕಳು. ಐದು ನಿಮಿಷವೂ ಆಗಿರಲಿಲ್ಲ.

ಗೆಳೆಯರೇ, ಹೇಳಬೇಕಾದ ಬುದ್ಧಿಮಾತೆಲ್ಲ ಅದರಲ್ಲಿತ್ತು. ಕಾಗದಪತ್ರ ನಿನ್ನ ಕೈಲಿರಲಿ, ದುಡಿಮೆ ನಿನ್ನ ಹೆಸರಲ್ಲಿರಲಿ, ವಾಪಸು ಬರುವ ದಾರಿ ತೆರೆದಿರಲಿ. ಆದರೆ ಒಂದೊಂದು ಮಾತೂ ಒಂದೊಂದು ಸಾಮಾನಿನ ಮೇಲೆ ಕೂತಿತ್ತು. ಬೀಗದ ಕೈ ಕಳೆದ ಕತೆ, ಕಣ್ಣುರಿ, ಉಪ್ಸಾರಿನ ಆಸೆ... ಇವು ಅಕ್ಕನೊಬ್ಬಳವೇ. ಬೇರೆ ಹುಡುಗಿಗೆ ಇದನ್ನು ಹೇಳಿದ್ದರೆ ಒಗ್ಗುತ್ತಿರಲಿಲ್ಲ.

ಅವ್ವ ಹೇಳದೆ ಬಿಟ್ಟದ್ದೂ ಇತ್ತು. ತಾನು ಪಟ್ಟ ಪಾಡನ್ನು ಮೈಕಿನ ಮುಂದೆ ಎತ್ತಲಿಲ್ಲ. ಎತ್ತಿದ್ದರೆ ಮಗಳು ಅದನ್ನು ತೀರಿಸಲಾಗದ ಸಾಲದ ಹಾಗೆ ಹೊತ್ತು ಹೋಗಬೇಕಿತ್ತು. ಮಗು ಯಾವಾಗ ಬೇಕು, ಅಲ್ಲಿಯವರೆಗೆ ಯಾವ ಡಾಕ್ಟರಮ್ಮನ ಹತ್ತಿರ ಹೋಗಬೇಕು ಅನ್ನುವ ಮಾತೆಲ್ಲ ಹಿಂದಿನ ರಾತ್ರಿಯೇ ಒಲೆ ಮುಂದೆ, ಅವರಿಬ್ಬರ ನಡುವೆ ಮುಗಿದಿತ್ತು. ಬೀಗರನ್ನೂ ಚುಚ್ಚಲಿಲ್ಲ. ಚುಚ್ಚಿದ್ದರೆ ಅದಕ್ಕೆ ಉತ್ತರ ಕೊಡುವವಳು ಅಕ್ಕನೇ.

ಪಟ್ಟಿಯೊಂದು ಎತ್ತಿದ ಕೈಯನ್ನು ತಡೆಯುವುದಿಲ್ಲ, ಅದು ಅವ್ವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಇದು ನನ್ನದು ಅನ್ನಬೇಕಾದ ದಿನ ಬಂದರೆ ಬಾಯಿಮಾತಿಗಿಂತ ಕಾಗದ ನಿಲ್ಲುತ್ತದೆ. ಅದರ ಜೆರಾಕ್ಸ್ ಪ್ರತಿಯೊಂದು ನಮ್ಮ ಮನೆಯಲ್ಲೂ ಇದೆ. ನೆಂಟರ ರುಜು ಇರಲೇಬೇಕೆಂದು ನಿಯಮವಿಲ್ಲ, ಬೇಕಾದರೆ ಹಾಕಿಸಬಹುದು. ಅವ್ವ ತಾನೇ ಕೇಳಿ, ಕೊಟ್ಟವರ ಹೆಸರಿನ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು.