ನಾಲ್ಕು ಬೇವು, ಮೂರು ಮನೆತನ

ನಮ್ಮ ಕಡೆ ಬೇವು ಅಂದರೆ ಒಂದೇ ಗಿಡ ಅಲ್ಲ. ಯುಗಾದಿಗೆ ಬೆಲ್ಲದ ಜೊತೆ ತಿನ್ನುವ ಬೇವು ಇದೆ, ಒಗ್ಗರಣೆಗೆ ಹಾಕುವ ಕರಿಬೇವು ಇದೆ, ಪ್ಲೈವುಡ್‌ಗೆಂದು ಬೆಳೆಸುವ ಹೆಬ್ಬೇವು ಇದೆ, ಬೇಲಿ ಬದಿಯಲ್ಲಿ ನೇರಳೆ ಬಣ್ಣದ ಹೂ ಬಿಡುವ ಹುಚ್ಚುಬೇವೂ ಇದೆ. ಕೆಲವು ಊರುಗಳಲ್ಲಿ ಈ ಹುಚ್ಚುಬೇವನ್ನೂ ಹೆಬ್ಬೇವು ಅಂತಲೇ ಕರೆಯುತ್ತಾರೆ. ತೊಡಕು ಶುರುವಾಗುವುದು ಅಲ್ಲೇ.

ಪಕ್ಕದ ಹೊಲದ ಅಣ್ಣ ಒಂದು ಎಕರೆಗೆ ಹೆಬ್ಬೇವು ಹಾಕಬೇಕು ಎಂದು ಸಸಿ ನೋಡಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ನರ್ಸರಿಯವರು ತೋರಿಸಿದ ಸಾಲಿನ ಮುಂದೆ ‘ಹೆಬ್ಬೇವು’ ಎಂಬ ಬೋರ್ಡ್ ಇತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಮೀಲಿಯಾ ಅಜೆಡರಾಕ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು. “ಅಣ್ಣಾ, ಇದು ನಿಮಗೆ ಬೇಕಾದ ಹೆಬ್ಬೇವಲ್ಲ” ಅಂದೆ. “ಎರಡೂ ಮೀಲಿಯಾನೇ ಅಲ್ವೇನೋ?” ಅಂದರು ಅವರು. ಅವರ ಪ್ರಶ್ನೆಯಲ್ಲೇ ಅರ್ಧ ಉತ್ತರ ಇತ್ತು.

ಲ್ಯಾಟಿನ್ ಹೆಸರಿನಲ್ಲಿ ಎರಡು ಪದ ಇರುತ್ತವೆ. ಮೊದಲನೆಯದು ಕುಲ, ಅಂದರೆ ಮನೆತನದ ಹೆಸರು ಇದ್ದಂತೆ. ಎರಡನೆಯದು ಪ್ರಭೇದವನ್ನು ಗುರುತಿಸುವ ಪದ, ಆ ಮನೆಯ ಒಬ್ಬರ ಹೆಸರು ಇದ್ದಂತೆ. ಪ್ಲೈವುಡ್‌ನವರು ಕೇಳುವ ಹೆಬ್ಬೇವು ‘ಮೀಲಿಯಾ ಡೂಬಿಯಾ’. ಹುಚ್ಚುಬೇವು ‘ಮೀಲಿಯಾ ಅಜೆಡರಾಕ್’. ಮನೆ ಒಂದೇ, ಮಕ್ಕಳು ಬೇರೆ. ಡೂಬಿಯಾ ನೆಟ್ಟಗೆ, ಎತ್ತರಕ್ಕೆ ಬೆಳೆದು ಉದ್ದನೆಯ ಕಾಂಡ ಕೊಡುತ್ತದೆ. ಅಜೆಡರಾಕ್ ಸಾಮಾನ್ಯವಾಗಿ ಅಷ್ಟು ಎತ್ತರ ಹೋಗದೆ ಕೊಂಬೆ ಹರಡುತ್ತದೆ. ಅದರ ಕಾಯಿಯಲ್ಲಿ ವಿಷವೂ ಇದೆ. ಏಳೆಂಟು ವರ್ಷ ಕಾದ ಮೇಲೆ ಈ ವ್ಯತ್ಯಾಸ ಗೊತ್ತಾದರೆ ಏನು ಪ್ರಯೋಜನ?

ಹಾಗಾದರೆ ನಮ್ಮ ಮನೆ ಮುಂದಿನ ಬೇವು? ಅದು ‘ಅಜಾಡಿರಾಕ್ಟಾ ಇಂಡಿಕಾ’. ಇಂಡಿಕಾ ಎಂದರೆ ಭಾರತದ್ದು. ಅಜಾಡಿರಾಕ್ಟಾ ಬಂದದ್ದು ಪರ್ಶಿಯನ್ ಭಾಷೆಯ ‘ಆಜಾದ್ ದರಖ್ತ್’ ಎಂಬ ಮಾತಿನಿಂದ. ಆಜಾದ್ ಎಂದರೆ ಸ್ವತಂತ್ರ, ದರಖ್ತ್ ಎಂದರೆ ಮರ. ‘ಅಜೆಡರಾಕ್’ ಕೂಡ ಅದೇ ಮಾತಿನಿಂದ ಬಂದದ್ದು. ಒಂದು ಮರಕ್ಕೆ ಅದು ಮನೆತನದ ಹೆಸರಾಯಿತು, ಇನ್ನೊಂದಕ್ಕೆ ಸ್ವಂತ ಹೆಸರಾಯಿತು. ಇದು ಕಾಕತಾಳೀಯ ಅಲ್ಲ. 1753ರಲ್ಲಿ ಲಿನೇಯಸ್ ನಮ್ಮ ಬೇವನ್ನೂ ಮೀಲಿಯಾ ಮನೆಗೇ ಸೇರಿಸಿದ್ದರು. 1830ರಲ್ಲಿ ಫ್ರಾನ್ಸಿನ ಜೂಸ್ಯೂ ಅದನ್ನು ಬೇರೆ ಕುಲಕ್ಕೆ ಹಾಕಿದರು. ಎಲೆ ನೋಡಿದರೆ ನಮಗೂ ವ್ಯತ್ಯಾಸ ಕಾಣುತ್ತದೆ: ಬೇವಿನ ಕಡ್ಡಿಯ ಎರಡೂ ಬದಿಗೆ ಎಲೆಗಳು ನೇರವಾಗಿ ಹತ್ತಿಕೊಂಡಿರುತ್ತವೆ. ಮೀಲಿಯಾದ ಕಡ್ಡಿಯಿಂದ ಮತ್ತೆ ಸಣ್ಣ ಕಡ್ಡಿಗಳು ಒಡೆದು, ಎಲೆ ಅವುಗಳ ಮೇಲೆ ಇರುತ್ತದೆ.

ಇನ್ನು ಕರಿಬೇವು, ‘ಮುರ‍್ರಾಯಾ ಕೊಯೆನಿಗಿಐ’. ಇಲ್ಲಿ ಎರಡೂ ಪದ ಮನುಷ್ಯರ ಹೆಸರಿನಿಂದ ಬಂದವು. ಕೊಯೆನಿಗ್ ಎಂಬವರು ಲಿನೇಯಸ್ ಶಿಷ್ಯ, ತಮಿಳುನಾಡಿನ ತರಂಗಂಬಾಡಿಯಲ್ಲಿದ್ದು ಗಿಡ ಹುಡುಕಿದವರು. ಹೀಗೆ ವ್ಯಕ್ತಿಯ ಹೆಸರಿಟ್ಟರೆ ಗಿಡ ಹೇಗಿದೆ ಎಂದು ಪದದಿಂದ ಗೊತ್ತಾಗುವುದಿಲ್ಲ. ಆದರೆ ಮೊದಲ ಪದ ಬೇರೆ ಎಂಬುದನ್ನು ನೋಡಿ, ಇದು ಯಾವ ಕುಟುಂಬದ್ದು ಎಂದು ಹುಡುಕಿದರೆ ವಿಷಯ ಸಿಗುತ್ತದೆ: ಕರಿಬೇವು ಬೇವಿನ ನೆಂಟನೇ ಅಲ್ಲ, ನಿಂಬೆಯ ನೆಂಟ. ನಿಂಬೆ ಎಲೆ ಮೇಯುವ ಹಸಿರು ಚಿಟ್ಟೆಹುಳು ಕರಿಬೇವಿನ ಮೇಲೂ ಕೂರುವುದು ಇದಕ್ಕೇ. ಹೊಸ ಪುಸ್ತಕಗಳಲ್ಲಿ ಇದೇ ಗಿಡ ‘ಬರ್ಗೇರಾ ಕೊಯೆನಿಗಿಐ’ ಎಂದು ಕಂಡರೆ ಗಾಬರಿಯಾಗಬೇಡಿ. ಮನೆತನ ಬದಲಾಗಿದೆ, ಎರಡನೆಯ ಪದ ಉಳಿದಿದೆ. ಹಳೆಯ ಬೋರ್ಡ್‌ಗಳಲ್ಲಿ ಕಾಣುವ ‘ಮೀಲಿಯಾ ಕಾಂಪೋಸಿಟಾ’ ಎಂಬುದೂ ಡೂಬಿಯಾದ್ದೇ ಇನ್ನೊಂದು ಹೆಸರು.

ಡೂಬಿಯಾ ಎಂದರೆ ‘ಅನುಮಾನದ್ದು’. ಇದನ್ನು ಕೇಳಿ ಅಣ್ಣ, “ಹೆಸರಿಟ್ಟವನಿಗೇ ಅನುಮಾನ ಇದ್ದರೆ ನಾನು ನಂಬೋದು ಹೇಗೋ?” ಎಂದು ನಕ್ಕರು. ಅವರ ಮಾತಲ್ಲಿ ನಿಜವೂ ಇದೆ. ಬೋರ್ಡ್ ಬರೆದವರೂ ತಪ್ಪಬಹುದು, ಸಸಿಯಲ್ಲಿ ಈ ಎರಡು ಮೀಲಿಯಾ ಒಂದೇ ಥರ ಕಾಣುತ್ತವೆ. ಅದಕ್ಕೇ ಅಣ್ಣ ನರ್ಸರಿಯವರನ್ನು ಬೀಜ ತಂದ ತಾಯಿಮರದ ಕಾಯಿ ತೋರಿಸಿ ಎಂದು ಕೇಳಿದರು. ಡೂಬಿಯಾದ ಕಾಯಿ ದೊಡ್ಡದು, ಮೊಟ್ಟೆಯಾಕಾರ, ಸುಮಾರು ಒಂದು ಇಂಚು ಉದ್ದ. ಅಜೆಡರಾಕ್‌ನದು ಸಣ್ಣ ಗೋಲಿಯಂತೆ ದುಂಡಗೆ, ಹಣ್ಣಾದಾಗ ಹಳದಿ. ಅವರ ಬಳಿ ಕಾಯಿ ಇರಲಿಲ್ಲ, ಅಣ್ಣ ಸಸಿ ತರಲಿಲ್ಲ.

ನೀವು ಫೋನಿನಲ್ಲಿ ಹುಡುಕುವುದಾದರೆ ಬರೀ ಹೆಬ್ಬೇವು ಎನ್ನಬೇಡಿ, Melia dubia ಎಂದು ಎರಡೂ ಪದ ಟೈಪ್ ಮಾಡಿ. ಮೊದಲ ಪದ ಮಾತ್ರ ಹಾಕಿದರೆ ಹುಚ್ಚುಬೇವಿನ ಚಿತ್ರವೂ ಬರುತ್ತದೆ.