ಪೇಟಿಯ ಗಾಂಧಾರ, ತಂಬೂರಿಯ ಗಾಂಧಾರ

ಜತ್ತ ಸೀಮೆಯ ನಮ್ಮ ಊರಿನ ಗುಡಿಯಲ್ಲಿ ಸೋಮವಾರದ ಭಜನೆಗೆ ಒಂದು ಪೇಟಿ, ಒಂದು ತಂಬೂರಿ, ತಬಲಾ, ತಾಳಗಳು ಇರುತ್ತಿದ್ದವು. ಹಾಡುವವರಲ್ಲಿ ಹಿರಿಯರೊಬ್ಬರು ಗಾಂಧಾರಕ್ಕೆ ಬಂದಾಗಲೆಲ್ಲ ಪೇಟಿಗಿಂತ ಒಂದು ಎಳೆಯಷ್ಟು ಕೆಳಗೆ ನಿಲ್ಲುತ್ತಿದ್ದರು. “ಅಜ್ಜಾರ, ಸ್ವರ ಇಳೀತೈತ್ರಿ” ಎಂದು ನಾವು ತಿದ್ದಿದೆವು. “ಪೇಟಿ ಏನರ ಅನ್ನಲಿ, ತಂಬೂರಿ ಹಂಗ ಅನ್ನಂಗಿಲ್ಲಪಾ” ಎಂದರು. ನಾವು ನಕ್ಕೆವು. ಕೆಲವು ವಾರಗಳ ಮೇಲೆ ಅವರು ಮುಂದಿನ ಸಾಲಿನಿಂದ ಹಿಂದೆ ಸರಿದು ಕುಳಿತರು. ಬಳಿಕ ಹಾಡುವುದನ್ನೇ ಬಿಟ್ಟರು. ಅವರ ಮಾತಿನ ಅರ್ಥ ನಮಗೆ ಹೊಳೆದದ್ದು ಅವರು ತೀರಿಕೊಂಡ ಮೇಲೆ, ನಾವೇ ತಂಬೂರಿಯನ್ನು ಶ್ರುತಿ ಮಾಡಲು ಕಲಿತಾಗ.

ತಂಬೂರಿಯ ನಡುವಣ ಎರಡು ತಂತಿಗಳೂ ಷಡ್ಜಕ್ಕೇ ಸೇರಬೇಕು. ಒಂದು ಸೆಕೆಂಡಿಗೆ 240 ಸಲ, ಇನ್ನೊಂದು 243 ಸಲ ಕಂಪಿಸಿದರೆ, ನಾದವು ಸೆಕೆಂಡಿಗೆ ಮೂರು ಸಲ ಉಬ್ಬಿ ಇಳಿಯುತ್ತದೆ. ಆ ಅಲೆ ನಿಧಾನವಾಗುತ್ತ ಕೊನೆಗೆ ನಿಂತುಹೋಗುವ ತನಕ ಬಿರಡೆ ತಿರುಗಿಸುವುದೇ ಶ್ರುತಿ ಮಾಡುವ ಕ್ರಮ. ಅಂತರವು ಇಪ್ಪತ್ತು ಮೂವತ್ತಕ್ಕೆ ಏರಿದರೆ ಅಲೆಗಳನ್ನು ಎಣಿಸಲಾಗುವುದಿಲ್ಲ. ಅವು ಒಂದರ ಮೇಲೊಂದು ಬಿದ್ದು ಒರಟಾಗಿ ಕೇಳಿಸುತ್ತವೆ. ಸ್ವರಗಳ ಕಲಹಕ್ಕೆ ಈ ಒರಟುತನವೇ ಕಾರಣವೆಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಆದರೆ ಷಡ್ಜ ಪಂಚಮಗಳ ನಡುವೆ 120ರಷ್ಟು ಅಂತರವಿದೆ. ಅವು ಒಂದಾಗಿ ಕೇಳುವುದೇಕೆ? ಯಾವ ತಂತಿಯೂ ಒಂದೇ ನಾದವನ್ನು ಕೊಡುವುದಿಲ್ಲ. 240ರ ಷಡ್ಜದೊಡನೆ 480, 720, 960, 1200 ಹೀಗೆ ಉಪಸ್ವರಗಳೂ ಹೊರಡುತ್ತವೆ. 360ರ ಪಂಚಮದೊಡನೆ 720, 1080 ಇತ್ಯಾದಿ. 720ರಲ್ಲಿ ಎರಡೂ ಕೂಡಿಕೊಳ್ಳುತ್ತವೆ; ಉಳಿದವು ಪರಸ್ಪರ ದೂರವಿರುವುದರಿಂದ ತಿಕ್ಕಾಟವಿಲ್ಲ. 256ರ ಕೋಮಲ ರಿಷಭದ ಸ್ಥಿತಿ ಬೇರೆ. ಮೂಲ ನಾದಗಳ ನಡುವೆಯೇ 16 ಅಲೆಗಳು. ಅದರ ಎರಡನೆಯ ಉಪಸ್ವರ 512, ಷಡ್ಜದ 480ರ ಪಕ್ಕದಲ್ಲಿ ನಿಂತು 32 ಅಲೆಗಳನ್ನು ಎಬ್ಬಿಸುತ್ತದೆ. ಪೇಟಿಯಲ್ಲಿ ಷಡ್ಜವನ್ನೂ ಪಕ್ಕದ ಮನೆಯನ್ನೂ ಕೂಡಿಸಿ ಒತ್ತಿದರೆ ಈ ಗರಗರವನ್ನು ಯಾರೂ ಕೇಳಬಹುದು.

ಇನ್ನು ಗಾಂಧಾರ. ಷಡ್ಜದ ಐದನೆಯ ಉಪಸ್ವರ 1200. ಗಾಂಧಾರವು ಸರಿಯಾಗಿ 300ರಲ್ಲಿದ್ದರೆ ಅದರ ನಾಲ್ಕನೆಯದೂ 1200. ಎರಡೂ ಸೇರಿ ಶಾಂತವಾಗುತ್ತವೆ. ತಂಬೂರಿಯ ಜವಾರಿ ಚೆನ್ನಾಗಿದ್ದರೆ, ಯಾರೂ ಮೀಟದ ಈ ಗಾಂಧಾರವು ಷಡ್ಜದ ತಂತಿಗಳಿಂದಲೇ ಎದ್ದು ಕೇಳಿಸುತ್ತದೆ. ಬಲ್ಲವರು ಇದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ.

ಪೇಟಿಯಲ್ಲಿ ಅದಕ್ಕೆ ಜಾಗವಿಲ್ಲ. ಯಾವ ಮನೆಯನ್ನಾದರೂ ಷಡ್ಜವಾಗಿ ಹಿಡಿಯಲು ಅನುಕೂಲವಾಗಲೆಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಹಾಗೆ ಪಾಲು ಮಾಡಿದಾಗ ಪಂಚಮವು ಕೂದಲೆಳೆಯಷ್ಟು ಮಾತ್ರ ಸರಿಯುತ್ತದೆ. ಸೆಕೆಂಡಿಗೆ ಒಂದು ಅಲೆಯೂ ಏಳುವುದಿಲ್ಲ. ಗಾಂಧಾರ ಮಾತ್ರ 302.4ಕ್ಕೆ ಏರುತ್ತದೆ. ಅದರ ನಾಲ್ಕನೆಯ ಉಪಸ್ವರವು 1200ನ್ನು ದಾಟಿಹೋಗುವುದರಿಂದ ಸೆಕೆಂಡಿಗೆ ಒಂಬತ್ತು ಹತ್ತು ಅಲೆಗಳು ಏಳುತ್ತವೆ. ನಮ್ಮ ನೆರೆಯ ಸಾಂಗ್ಲಿಯ ದೇವಲರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಲೆಮೆಂಟ್ಸ್ ಅವರೊಡನೆ ಶ್ರುತಿ ಹಾರ್ಮೋನಿಯಂ ಒಂದನ್ನು ರೂಪಿಸಲು ಹೊರಟದ್ದು ಇಂಥ ಕೊರತೆಯನ್ನು ನೀಗಿಸಲೆಂದೇ.

ಅಜ್ಜನವರು ಕೆಳಗೆ ಇಳಿದದ್ದು ಒಂದು ಮನೆಯ ಏಳನೆಯ ಒಂದು ಪಾಲಿನಷ್ಟು. ಅವರು ಇಳಿದಿರಲಿಲ್ಲ, ನಮ್ಮ ಪೇಟಿಯೇ ಏರಿತ್ತು. ತಂಬೂರಿಯಲ್ಲಿ ತಾನಾಗಿ ಹುಟ್ಟುತ್ತಿದ್ದ ಗಾಂಧಾರದ ಮೇಲೆ ಅವರು ತಮ್ಮ ಸ್ವರವನ್ನು ಇಡುತ್ತಿದ್ದರು.

ಹಾಗೆಂದು ಸಂಗೀತವೆಲ್ಲ ಅಲೆಗಳ ಎಣಿಕೆಯಲ್ಲಿ ಮುಗಿಯುವುದಿಲ್ಲ. ಮಾರವಾ ರಾಗವನ್ನು ಹಾಡುವವರು ಷಡ್ಜವನ್ನು ಬೇಕೆಂದೇ ತಪ್ಪಿಸಿ ಕೋಮಲ ರಿಷಭದ ಮೇಲೆ ನಿಲ್ಲುತ್ತಾರೆ. ಹಿಂದೆ ತಂಬೂರಿಯ ಷಡ್ಜ ಮೊಳಗುತ್ತಲೇ ಇರುವುದರಿಂದ ಆ ತಿಕ್ಕಾಟ ನಮಗೆ ತಟ್ಟುತ್ತದೆ, ಮನೆಗೆ ಮರಳುವುದು ಯಾವಾಗ ಎಂದು ಮನಸ್ಸು ಕಾಯುತ್ತದೆ. ಅಲ್ಲಿ ಒರಟುತನ ದೋಷವಲ್ಲ, ರಾಗದ ಜೀವ. ಯಾವುದು ಒರಟು ಎಂಬುದನ್ನು ಲೆಕ್ಕ ಹೇಳಬಲ್ಲದು. ಅದು ಬೇಕೋ ಬೇಡವೋ ಎಂಬುದನ್ನು ಕೇಳಿ ಪಳಗಿದ ಕಿವಿಯೇ ಹೇಳಬೇಕು. ನಾವು ನಕ್ಕದ್ದು ಅಂಥ ಒಂದು ಕಿವಿಯನ್ನು.

ಈಗ ನಮ್ಮ ಭಜನೆಯಲ್ಲಿ ಗಾಂಧಾರದ ಮೇಲೆ ದೀರ್ಘವಾಗಿ ನಿಲ್ಲುವ ಸಾಲು ಬಂದಾಗ ಪೇಟಿಯವರು ಆ ಮನೆಯಿಂದ ಬೆರಳೆತ್ತಿ, ಷಡ್ಜ ಪಂಚಮಗಳನ್ನಷ್ಟೇ ಹಿಡಿಯುತ್ತಾರೆ. ಹಾಡುವವರು ತಂಬೂರಿಯತ್ತ ಕಿವಿಗೊಡುತ್ತಾರೆ. ಸ್ವರ ಕೂಡಿದ ಕ್ಷಣ ಅಲೆ ನಿಲ್ಲುತ್ತದೆ. ಅಜ್ಜನವರು ಕುಳಿತಿರುತ್ತಿದ್ದ ಹಿಂದಿನ ಗೋಡೆಯ ಕಡೆಗೆ ಆಗ ನಮ್ಮ ಕಣ್ಣು ಹೋಗದೆ ಇರುವುದಿಲ್ಲ.