ಎರಿ ಹೊಲದ ಲೆಕ್ಕ, ಕಂತು 6: ಅಂಕಿಗೆ ಕಾಗುಣಿತ ಇರೂದಿಲ್ಲ

(1/4)
ನಮ್ಮ ಮನಿ ನವಲಗುಂದ ತಾಲೂಕಿನ ಒಂದು ಹಳ್ಳಿಯೊಳಗ. ಹಿಂಗಾರಿಗೆ ಕಡ್ಲಿ ಬಿತ್ತೂದು, ಬೀಜ-ಗೊಬ್ಬರ ಅಂಗಡಿಯಿಂದ ಉದ್ರಿ ತರೂದು, ಸುಗ್ಗಿ ಮುಗಿದು ಮಾಲು ಮಾರಿದ ಮ್ಯಾಲೆ ಲೆಕ್ಕ ಚುಕ್ತಾ ಮಾಡೂದು. ನಿಮ್ಮಲ್ಲಿ ಅರ್ಧ ಮಂದಿಯ ಮನೆಯಲ್ಲೂ ಇದೇ ಪದ್ಧತಿ ಇರಬೇಕು. ಹೋದ ವರ್ಷದಿಂದ ಆ ಬಿಲ್ಲುಗಳ ಲೆಕ್ಕ ನನ್ನ ಪಾಲಿಗೆ ಬಂದಿದೆ. ಅಪ್ಪ ಬಿಲ್ಲನ್ನು ಅಂಗಿಯ ಕಿಸೆಯಲ್ಲಿ ಮಡಚಿ ತರುತ್ತಾರೆ. ನಾನು ಫೋಟೋ ತೆಗೆದು, ಫೋಟೋದಿಂದ ಅಕ್ಷರ ಎತ್ತುವ ಆ್ಯಪ್‌ಗೆ ಕೊಟ್ಟು, ಬಂದ ಅಂಕಿಗಳನ್ನು ಶೀಟ್‌ನಲ್ಲಿ ಹಾಕುತ್ತೇನೆ.

ಆ್ಯಪ್ ಅಕ್ಷರ ತಪ್ಪು ಓದಿದರೆ ತಕ್ಷಣ ಗೊತ್ತಾಗುತ್ತದೆ. "ಯೂರಿಯಾ" ಹೋಗಿ "ಯೂರಿಮಾ" ಆದರೆ ಅದು ಪದವೇ ಅಲ್ಲ, ಕಣ್ಣಿಗೆ ಹೊಡೆಯುತ್ತದೆ. ಆದರೆ 5340 ಹೋಗಿ 5840 ಆದರೆ? ಎರಡೂ ಸರಿಯಾದ ಸಂಖ್ಯೆಗಳೇ. ಅಂಕಿಗೆ ಕಾಗುಣಿತ ಇರುವುದಿಲ್ಲ. ಅದು ತಪ್ಪಿದೆ ಅಂತ ಹೇಳಲು ಅದೇ ಕಾಗದದ ಮೇಲೆ ಇನ್ನೊಂದು ಸಾಕ್ಷಿ ಬೇಕು. ಬಿಲ್ಲಿನ ಕೊನೆಗೆ ಅಚ್ಚಾದ ಒಟ್ಟು ಮೊತ್ತವೇ ಆ ಸಾಕ್ಷಿ.

(2/4)
ಒಂದು ಬಿಲ್ಲು ತಗೊಂಡು ನೋಡೋಣ. ಕಾಗದದ ಮೇಲೆ ಇದ್ದದ್ದು ಇಷ್ಟು:

ಡಿಎಪಿ, 4 ಚೀಲ × 1350.00 = 5400.00
ಯೂರಿಯಾ, 6 ಚೀಲ × 266.50 = 1599.00
ಕಡ್ಲಿ ಬೀಜ, 3 ಚೀಲ × 1780.00 = 5340.00
ಔಷಧ, 2 ಬಾಟ್ಲಿ × 385.00 = 770.00
ಹಮಾಲಿ = 104.00
ಒಟ್ಟು = 13213.00

ಅಂಗಡಿಯ ಪ್ರಿಂಟರ್ ಹಳೇದು, ಮಸಿ ತೆಳು. ಬಿಲ್ಲಿನ ಮಡಿಕೆ ಸರಿಯಾಗಿ ಬೀಜದ ಸಾಲಿನ ಮೇಲೇ ಬಿದ್ದಿತ್ತು. ಆ ಮಡಿಕೆಯ ನೆರಳು 3ರ ಎಡಗಡೆ ಕೂತು ಅದನ್ನು 8 ಮಾಡಿತು. ಆ್ಯಪ್ 5840 ಅಂತ ಕೊಟ್ಟಿತು. ಶೀಟ್‌ನಲ್ಲಿ ಐದೂ ಸಾಲು ಕೂಡಿಸಿದರೆ 13713 ಬಂತು. ಅಚ್ಚಾದ ಒಟ್ಟು 13213. ವ್ಯತ್ಯಾಸ 500.

ಇಲ್ಲಿ ಐದೂ ಸಾಲನ್ನು ಮತ್ತೆ ಮೊದಲಿಂದ ಓದುತ್ತ ಕೂಡಬೇಕಾಗಿಲ್ಲ. ವ್ಯತ್ಯಾಸವೇ ದಾರಿ ತೋರಿಸುತ್ತದೆ. 500 ಅಂದರೆ ನೂರರ ಸ್ಥಾನದಲ್ಲಿ 5, ಉಳಿದದ್ದೆಲ್ಲ ಸೊನ್ನೆ. ಹಂಗಾದರ ಹೆಚ್ಚಾಗಿ ಒಂದೇ ಒಂದು ಅಂಕಿ ತಪ್ಪಿದೆ, ಅದೂ ನೂರರ ಸ್ಥಾನದಲ್ಲಿ. ನಮ್ಮ ಮೊತ್ತ ಜಾಸ್ತಿ ಬಂದಿರುವುದರಿಂದ ಆ್ಯಪ್ ಓದಿದ ಅಂಕಿ ಅಸಲಿಗಿಂತ 5 ದೊಡ್ಡದು, ಅಂದರೆ ಅದು 5 ಅಥವಾ ಅದಕ್ಕಿಂತ ಮೇಲಿನದೇ ಆಗಿರಬೇಕು. ನೂರರ ಸ್ಥಾನದಲ್ಲಿ ಅಂಥ ಅಂಕಿ ಇರುವುದು ಮೂರೇ ಸಾಲಿನಲ್ಲಿ: ಯೂರಿಯಾದ 5, ಬೀಜದ 8, ಔಷಧದ 7. ಇವು ಅಸಲಿಗೆ 0, 3, 2 ಆಗಿರಬಹುದು. ಮೂರರಲ್ಲಿ ಯಾವುದು ಅಂತ ತಿಳಿಯಲು ಚೀಲ ಇಂಟು ದರ ಮಾಡಿದರೆ ಸಾಕು. 6 × 266.50 ಅಂದರೆ 1599, ಸರಿ. 2 × 385 ಅಂದರೆ 770, ಸರಿ. 3 × 1780 ಅಂದರೆ 5340. ಸಿಕ್ತು.

ಇದನ್ನು ಬಿಟ್ಟಿದ್ದರೆ ಸುಗ್ಗಿ ಮುಗಿದ ಮೇಲೆ ನಮ್ಮ ಶೀಟ್ ಒಂದು ಹೇಳುತ್ತಿತ್ತು, ಅಂಗಡಿಯ ಖಾತೆ ಇನ್ನೊಂದು ಹೇಳುತ್ತಿತ್ತು. "ಐನೂರು ರೂಪಾಯಿ ಹೆಂಗ ಫರಕ್ ಬಂತ್ರಿ?" ಅಂತ ಅಪ್ಪ ಸಾವಕಾರ್ರ ಮುಂದೆ ಕೂತು ಮಾತು ಬೆಳೆಸಬೇಕಾಗುತ್ತಿತ್ತು. ಉದ್ರಿ ನಡೆಯುವುದು ನಂಬಿಕೆಯ ಮೇಲೆ. ಮುಂದಿನ ವರ್ಷವೂ ಅದೇ ಅಂಗಡಿಗೆ ಹೋಗಬೇಕು.

(3/4)
ವ್ಯತ್ಯಾಸ ಬೇರೆ ರೂಪದಲ್ಲೂ ಬರುತ್ತದೆ. ನನಗೆ ಪದೇ ಪದೇ ಸಿಗುವುದು ಎರಡು.

ಮೊದಲನೆಯದು ಚುಕ್ಕಿ ಬಿಟ್ಟುಹೋಗುವುದು. ಮಸಿ ತೆಳು ಆದಾಗ ಮೊದಲು ಅಳಿಯುವುದು ದಶಮಾಂಶದ ಚುಕ್ಕಿ. 104.00 ಹೋಗಿ 10400 ಆಗುತ್ತದೆ. ಆಗ ಮೊತ್ತ 23509 ಬರುತ್ತದೆ, ವ್ಯತ್ಯಾಸ 10296. ನೋಡಲು ಅರ್ಥವಿಲ್ಲದ ಸಂಖ್ಯೆ. ಅದನ್ನು 99ರಿಂದ ಭಾಗಿಸಿ ನೋಡ್ರಿ, ಸರಿಯಾಗಿ 104 ಬರುತ್ತದೆ. ಚುಕ್ಕಿ ಹೋದರೆ ಮೊತ್ತ ನೂರು ಪಟ್ಟು ಆಗುತ್ತದೆ, ಅಂದರೆ ಅಸಲಿಗಿಂತ 99 ಪಟ್ಟು ಹೆಚ್ಚಾಗುತ್ತದೆ. ಹಾಗಾಗಿ ಭಾಗಾಕಾರದ ಉತ್ತರವೇ ತಪ್ಪಿದ ಸಾಲಿನ ಅಸಲು ಮೊತ್ತ.

ಎರಡನೆಯದು ಇಡೀ ಸಾಲೇ ಬಿಟ್ಟುಹೋಗುವುದು. ಆಗ ನಮ್ಮ ಮೊತ್ತ ಕಡಿಮೆ ಬರುತ್ತದೆ, ಮತ್ತು ಎಷ್ಟು ಕಡಿಮೆಯೋ ಅಷ್ಟೇ ಮೊತ್ತ ಕಾಗದದ ಒಂದು ಸಾಲಿನಲ್ಲಿ ಕೂತಿರುತ್ತದೆ. ಕೊನೆಯ ಸಾಲು ಬಹಳ ಸಲ ಹೀಗೆ ಜಾರುತ್ತದೆ. ನಮ್ಮ ಬಿಲ್ಲಿನಲ್ಲಿ ಅದು ಹಮಾಲಿ.

ನಾನು ಶೀಟ್‌ನಲ್ಲಿ ಚೀಲ B ಕಾಲಂನಲ್ಲಿ, ದರ Cಯಲ್ಲಿ, ಮೊತ್ತ Dಯಲ್ಲಿ, ಅಚ್ಚಾದ ಒಟ್ಟು D8ರಲ್ಲಿ ಹಾಕುತ್ತೇನೆ. ಪರೀಕ್ಷೆಗೆ ಎರಡೇ ಸೂತ್ರ:

```
=SUM(D2:D6)-D8
=B2*C2-D2
```

ಮೊದಲನೆಯದು ಇಡೀ ಬಿಲ್ಲಿಗೆ, ಎರಡನೆಯದು ಚೀಲ-ದರ ಇರುವ ಪ್ರತಿ ಸಾಲಿಗೆ. ಎರಡರಲ್ಲೂ 0 ಬರಬೇಕು. ಕೆಲವು ಅಂಗಡಿಗಳಲ್ಲಿ ಒಟ್ಟನ್ನು ಪೂರ್ಣ ರೂಪಾಯಿಗೆ ತರುತ್ತಾರೆ. ಅಲ್ಲಿ ಕೆಲವು ಪೈಸೆಯ ಫರಕ್ ಬಂದರೆ ಅದು ಓದಿನ ತಪ್ಪಲ್ಲ.

(4/4)
ಹಾಗಾದರೆ ಎರಡನೇ ಸೂತ್ರ ಯಾಕೆ, ಒಟ್ಟು ತಾಳೆಯಾದರೆ ಸಾಲದೇ ಅಂತ ಕೇಳಬಹುದು. ಸಾಲದು. ಅದೇ ಬಿಲ್ಲಿನಲ್ಲಿ ಬೀಜದ 5340 ಹೋಗಿ 5840 ಆಯಿತು, ಜೊತೆಗೆ ಔಷಧದ 770 ಹೋಗಿ 270 ಆಯಿತು ಅಂದ್ಕೊಳ್ರಿ. ಒಂದು ಕಡೆ 500 ಏರಿತು, ಇನ್ನೊಂದು ಕಡೆ 500 ಇಳಿಯಿತು. ಒಟ್ಟು ಮತ್ತೆ 13213! ಎರಡು ತಪ್ಪು ಒಂದನ್ನೊಂದು ಮುಚ್ಚಿದವು. ಇದು ಅಪರೂಪ, ಆದರೆ ಆದಾಗ ಹಿಡಿಯುವುದು ಸಾಲಿನ ಗುಣಾಕಾರ ಮಾತ್ರ. ತಿರುಗಿಸಿ ನೋಡಿದರೆ, ಹಮಾಲಿಗೆ ಚೀಲ-ದರ ಇಲ್ಲ, ಗುಣಾಕಾರ ಅದನ್ನು ಕಾಯುವುದಿಲ್ಲ. ಅದನ್ನು ಕಾಯುವುದು ಒಟ್ಟು ಮೊತ್ತ ಮಾತ್ರ. ಎರಡೂ ಬೇಕು.

ಎಲ್ಲ ಸಾಲೂ ಗುಣಾಕಾರದಲ್ಲಿ ಸರಿ ಇದ್ದು ಒಟ್ಟು ಮಾತ್ರ ಬೇರೆ ಬಂದರೆ ಮೊದಲು ಒಟ್ಟನ್ನೇ ಕಾಗದದಲ್ಲಿ ಮತ್ತೆ ಓದ್ರಿ. ಅದನ್ನೂ ಓದಿದ್ದು ಅದೇ ಆ್ಯಪ್. ಅಕ್ಷರದಲ್ಲಿ ಬರೆದ ಮೊತ್ತ ಇದ್ದರೆ ಅದಕ್ಕೆ ಹೋಲಿಸ್ರಿ. ಆಮೇಲೆ ಹಮಾಲಿಯಂಥ ದರ ಇಲ್ಲದ ಸಾಲು ನೋಡ್ರಿ. ಇಷ್ಟರ ನಂತರವೂ ಫರಕ್ ಉಳಿದರೆ, ಕೈಬರಹದ ಬಿಲ್ಲಾಗಿದ್ದರೆ ಕೂಡಿಸಿದವರ ಕೈ ತಪ್ಪಿರಬಹುದು. ಆಗ ಕಾಗದ ಹಿಡಿದು ಅಂಗಡಿಗೆ ಹೋಗಿ ಕೇಳಿದರೆ ಜಗಳ ಆಗುವುದಿಲ್ಲ, ಇಬ್ಬರೂ ಅದೇ ಕಾಗದ ನೋಡಿ ಕೂಡಿಸುತ್ತೀರಿ.

ಬಿಲ್ಲಿನಲ್ಲಿ ಯಾವ ಮೊತ್ತವೂ ಕಾಯದ ಅಂಕಿ ಒಂದಿದೆ: ಬೀಜದ ಲಾಟ್ ನಂಬರ್. ಅದು ಯಾವ ಕೂಡಿಸುವಿಕೆಯಲ್ಲೂ ಬರುವುದಿಲ್ಲ, ತಪ್ಪಾದರೆ ಶೀಟ್ ಸುಮ್ಮನಿರುತ್ತದೆ. ಆದರೆ ಬೀಜ ಹುಟ್ಟದೇ ಹೋದರೆ ದೂರು ಕೊಡಲು ಬೇಕಾಗುವುದು ಅದೇ. ಅದಕ್ಕೆ ನಮ್ಮ ಮನೆಯಲ್ಲಿ ತಂಗಿ ಚೀಲದ ಮೇಲಿನ ಚೀಟಿ ನೋಡಿ ಒಂದೊಂದೇ ಅಂಕಿ ಗಟ್ಟಿಯಾಗಿ ಓದುತ್ತಾಳೆ, ನಾನು ಶೀಟ್‌ನಲ್ಲಿ ಬೆರಳಿಟ್ಟು ನೋಡುತ್ತೇನೆ. ಬೀಜ ಬಿತ್ತಿದ ಮೇಲೂ ಆ ಚೀಟಿ ಮತ್ತು ಬಿಲ್ಲು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಮಡಚದೆ.